ಶ್ರೀಮತಿ ಕೊಟ್ಟ ಕಬ್ಬಿನಹಾಲು

ಪಂಪನ ಆದಿಪುರಾಣದ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ. ಕವಿಯ ಮನಸ್ಸೆಲ್ಲ ಇದ್ದದ್ದು ಶೃಂಗಾರದಲ್ಲಿ, ಧರ್ಮದ ಲೆಕ್ಕ ಸರಿ ಮಾಡೋಕೆ ಕೊನೆಗೆ ವೈರಾಗ್ಯ ಅಂಟಿಸಿದ ಅಂತ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನೀಲಾಂಜನೆಯ ನೃತ್ಯದ ಭಾಗ ಒಂದನ್ನೇ ಓದಿ ಪುಸ್ತಕ ಮುಚ್ಚಿದವರಿಗೆ ಹಾಗನ್ನಿಸುವುದು ಸಹಜ. ಮೊದಲಿಂದ ಓದಿದರೆ ಬೇರೆಯೇ ಕಥೆ ಕಾಣುತ್ತದೆ. ಸನ್ಯಾಸವನ್ನೇ ಪರಮ ಗುರಿ ಅಂತ ನಂಬಿದ ಒಂದು ಪರಂಪರೆ, ಗಂಡು ಹೆಣ್ಣಿನ ಮೋಹವನ್ನು ಏನು ಮಾಡಬೇಕು ಅಂತ ಇಲ್ಲಿ ನಿಜಕ್ಕೂ ತಲೆ ಕೆಡಿಸಿಕೊಂಡಿದೆ.

941ರಲ್ಲಿ ಪಂಪ ಈ ಕಾವ್ಯ ಬರೆದ. ಕಥೆಯ ಮೂಲ ಜಿನಸೇನರ ಸಂಸ್ಕೃತ ಪುರಾಣ. ಮೊದಲ ತೀರ್ಥಂಕರ ಆದಿನಾಥ ತೀರ್ಥಂಕರನಾಗುವ ಮೊದಲು ಹಲವು ಜನ್ಮ ಎತ್ತುತ್ತಾನೆ. ಒಂದರಲ್ಲಿ ಲಲಿತಾಂಗ ಅನ್ನುವ ದೇವ. ಅವನ ನಲ್ಲೆ ಸ್ವಯಂಪ್ರಭೆ. ಅವನ ಆಯುಷ್ಯ ಮುಗಿಯುತ್ತದೆ, ಆಮೇಲೆ ಅವಳದ್ದೂ. ಭೂಮಿಯಲ್ಲಿ ಅವನು ವಜ್ರಜಂಘನಾಗಿ, ಅವಳು ಚಕ್ರವರ್ತಿ ವಜ್ರದಂತನ ಮಗಳು ಶ್ರೀಮತಿಯಾಗಿ ಹುಟ್ಟುತ್ತಾರೆ. ಒಂದು ದಿನ ಆಕಾಶದಲ್ಲಿ ಹೋಗುವ ದೇವತೆಗಳನ್ನು ಕಂಡು ಅವಳಿಗೆ ಹಿಂದಿನ ಜನ್ಮ ನೆನಪಾಗಿ ಮೂರ್ಛೆ ಬರುತ್ತದೆ. ಯಾರ ಜೊತೆಗೂ ಮಾತಿಲ್ಲ. ಕೊನೆಗೆ ತನ್ನ ಹಳೆಯ ಬದುಕನ್ನು ಚಿತ್ರಪಟದಲ್ಲಿ ಬರೆದು ದಾದಿಯ ಕೈಗೆ ಕೊಡುತ್ತಾಳೆ. ದಾದಿ ಅದನ್ನು ಜಿನಾಲಯದಲ್ಲಿ ಬಿಚ್ಚಿಡುತ್ತಾಳೆ. ವಜ್ರಜಂಘ ನೋಡಿದವನೇ ಮೂರ್ಛೆ ಹೋಗುತ್ತಾನೆ. ಇಬ್ಬರ ಮದುವೆಯಾಗುತ್ತದೆ.

ಇಲ್ಲಿವರೆಗೆ ಸಿನಿಮಾ ಕಥೆ ಥರಾನೇ ಇದೆ. ಕಾವ್ಯದ ಎದೆ ಇರುವುದು ಅವರ ಸಾವಿನಲ್ಲಿ. ಶಯ್ಯಾಗೃಹದಲ್ಲಿ ಸುಗಂಧದ ಧೂಪ ಹಾಕಿದ್ದಾರೆ. ಹೊಗೆ ಹೋಗಲಿ ಅಂತ ಗವಾಕ್ಷಿ ತೆರೆಯಬೇಕಾದವರು ಮರೆತಿದ್ದಾರೆ. ಗಂಡ ಹೆಂಡತಿ ಅಪ್ಪಿಕೊಂಡು ಮಲಗಿದ ಹಾಗೇ ಉಸಿರುಕಟ್ಟಿ ಸಾಯುತ್ತಾರೆ. ಬಚ್ಚಲ ಒಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಬೆಳೆದ ನನಗೆ ಈ ಸಾವು ಪುರಾಣದ ಸಾವು ಅನ್ನಿಸಲಿಲ್ಲ. ಮುಚ್ಚಿದ ಕೋಣೆ, ಹೊಗೆ, ನಿದ್ದೆ: ಇಂದಿಗೂ ಜನ ಹೀಗೆ ಸಾಯುತ್ತಾರೆ.

ಭೋಗದ ವಸ್ತುವೇ ಮೃತ್ಯುವಾಯಿತು, ಆದ್ದರಿಂದ ಭೋಗ ಬಿಡಿ ಅಂತ ಇದಕ್ಕೊಂದು ಸಿದ್ಧ ವ್ಯಾಖ್ಯಾನ ಇದೆ. ಪಂಪ ಆ ಮಾತು ಹೇಳುವುದೂ ಹೌದು. ಆದರೆ ಹಾಗೆ ಸತ್ತವರನ್ನು ಕಥೆ ಎಲ್ಲಿಗೆ ಕಳಿಸುತ್ತದೆ ನೋಡಿ. ನರಕಕ್ಕಲ್ಲ, ಭೋಗಭೂಮಿಗೆ, ಅದೂ ಮತ್ತೆ ಜೋಡಿಯಾಗಿ. ಕಾರಣ, ಸಾಯುವ ಮೊದಲು ಕಾಡಿನ ದಾರಿಯಲ್ಲಿ ಇಬ್ಬರೂ ಸೇರಿ ಇಬ್ಬರು ಮುನಿಗಳಿಗೆ ಆಹಾರ ಕೊಟ್ಟಿದ್ದರು. ಕೊಟ್ಟ ಮೇಲೆ ಗೊತ್ತಾಗುತ್ತದೆ, ಆ ಮುನಿಗಳು ಅವರದೇ ಮಕ್ಕಳು ಅಂತ. ಮೋಹಕ್ಕೆ ಶಿಕ್ಷೆ ಕೊಡುವುದೇ ಉದ್ದೇಶವಾಗಿದ್ದರೆ ಕಥೆ ಹೀಗೆ ನಡೆಯುತ್ತಿರಲಿಲ್ಲ.

ಭೋಗಭೂಮಿ ಅಂದರೆ ಕೇಳಿದ್ದನ್ನೆಲ್ಲ ಕಲ್ಪವೃಕ್ಷ ಕೊಡುವ ಜಾಗ. ದುಡಿಮೆ ಇಲ್ಲ, ಅಡುಗೆ ಇಲ್ಲ, ಅತ್ತೆ ಮಾವ ಇಲ್ಲ, ಬಾಡಿಗೆ ಕಟ್ಟುವ ಚಿಂತೆ ಇಲ್ಲ. ಗಂಡು ಹೆಣ್ಣು ಜೊತೆಗೇ ಹುಟ್ಟಿ, ಜೊತೆಗಿದ್ದು, ಜೊತೆಗೇ ಸಾಯುತ್ತಾರೆ. ನಾವೆಲ್ಲ ವೀಕೆಂಡಿನಲ್ಲಿ ಹುಡುಕುವುದು ಹೆಚ್ಚುಕಡಿಮೆ ಇದನ್ನೇ. ಆದರೆ ಜೈನರ ಲೆಕ್ಕದಲ್ಲಿ ಅಲ್ಲಿಂದ ನೇರ ಮೋಕ್ಷ ಇಲ್ಲ. ಅಲ್ಲಿ ಯಾರೂ ವ್ರತ ತೊಡಲಾರರು. ಯಾರಿಗೂ ಏನೂ ಕಡಿಮೆಯಿಲ್ಲದ ಊರಲ್ಲಿ ಯಾರಿಗೆ ಏನು ಕೊಡುತ್ತೀರಿ? ಸಂಸಾರ ಸಾಧ್ಯವಾಗುವುದು ಕರ್ಮಭೂಮಿಯಲ್ಲಿ, ಅಂದರೆ ಕೆಲಸ ಮಾಡಿ ತಿನ್ನಬೇಕಾದ ಜಾಗದಲ್ಲಿ. ಪ್ರಣಯವನ್ನೂ ಗೃಹಸ್ಥ ಜೀವನವನ್ನೂ ಈ ಕಥೆ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಇಬ್ಬರೇ ಇರುವ ಪ್ರೀತಿ ಸುಖದ್ದೇ, ಆದರೆ ಅದಕ್ಕೆ ಮುಂದಿನ ದಾರಿಯಿಲ್ಲ. ಮೂರನೆಯವನಿಗೆ ಅನ್ನ ಹಾಕಿದಾಗ ದಾರಿ ತೆರೆಯುತ್ತದೆ.

ಮುಂದೆ ಒಂದು ಜನ್ಮದಲ್ಲಿ ಅವನು ಸುವಿಧಿ ಅನ್ನುವ ರಾಜ. ಶ್ರೀಮತಿಯ ಜೀವ ಅವನ ಮಗ ಕೇಶವನಾಗಿ ಹುಟ್ಟಿದೆ. ಜಿನಸೇನರ ಪುರಾಣದಲ್ಲಿ ಸುವಿಧಿಗೆ ಮಗನ ಮೇಲಿನ ಪ್ರೀತಿಯಿಂದ ಮನೆ ಬಿಡಲಾಗುವುದಿಲ್ಲ. ಮನೆಯಲ್ಲೇ ಇದ್ದು ಶ್ರಾವಕನ, ಅಂದರೆ ಗೃಹಸ್ಥನ, ಕಠಿಣ ವ್ರತಗಳನ್ನು ನಡೆಸುತ್ತಾನೆ. ತೀರ್ಥಂಕರನಾಗಬೇಕಾದ ಜೀವವನ್ನೇ ಪ್ರೀತಿ ಒಂದು ಜನ್ಮ ತಡೆದು ನಿಲ್ಲಿಸಿತು ಅಂತ ಸನ್ಯಾಸದ ಗ್ರಂಥವೇ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತದೆ.

ಈಗ ನೀಲಾಂಜನೆ. ಆದಿನಾಥ ಮದುವೆಯಾಗಿ, ಮಕ್ಕಳನ್ನು ಪಡೆದು, ಜನಕ್ಕೆ ಬೇಸಾಯ ಮೊದಲಾದ ಕಸುಬು ಕಲಿಸಿ ರಾಜ್ಯವಾಳುತ್ತಿದ್ದಾನೆ. ಇಂದ್ರ ಕಳಿಸಿದ ನರ್ತಕಿ ಕುಣಿಯುತ್ತಲೇ ಇಲ್ಲವಾಗುತ್ತಾಳೆ. ರಸಭಂಗ ಆಗಬಾರದು ಅಂತ ಇಂದ್ರ ಆ ಕ್ಷಣವೇ ಅಂಥದೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತೇ ಆಗುವುದಿಲ್ಲ, ಅವನಿಗೊಬ್ಬನಿಗೆ ಗೊತ್ತಾಗುತ್ತದೆ. ಅಲ್ಲೇ ವೈರಾಗ್ಯ.

ನನಗೆ ಇದು ಚಿತ್ರಪಟದ ಪ್ರಸಂಗದ ಇನ್ನೊಂದು ಮುಖ ಅನ್ನಿಸುತ್ತದೆ. ಅಲ್ಲಿ ದೇಹ ಬದಲಾಗಿದ್ದರೂ ಪ್ರೇಮಿ ಅದೇ ಜೀವವನ್ನು ಗುರುತು ಹಿಡಿದ. ಇಲ್ಲಿ ರೂಪ ಅದೇ ಇದ್ದರೂ ಜೀವ ಬೇರೆ ಅಂತ ಗುರುತು ಹಿಡಿದ. ಎರಡಕ್ಕೂ ಬೇಕಾದ ಕಣ್ಣು ಒಂದೇ. ಒಬ್ಬಳನ್ನು ಅಷ್ಟು ಗಾಢವಾಗಿ ನೋಡಿದ್ದವನಿಗೇ ನರ್ತಕಿ ಬದಲಾದದ್ದು ಕಂಡಿತು. ಹಾಗಾಗಿ ಪಂಪನ ಶೃಂಗಾರ ಬೇರೆ, ವೈರಾಗ್ಯ ಬೇರೆ ಅನ್ನುವ ಓದನ್ನು ನಾನು ಒಪ್ಪಲಾರೆ.

ಒಂದು ತಕರಾರು ಮಾತ್ರ ಉಳಿಯುತ್ತದೆ. ಭೋಗಭೂಮಿಯಲ್ಲಿ ಸಮ್ಯಕ್ತ್ವ, ಅಂದರೆ ಸರಿಯಾದ ಶ್ರದ್ಧೆ, ಸಿಕ್ಕಿದ ಮೇಲೆ ಶ್ರೀಮತಿಯ ಜೀವ ಮತ್ತೆ ಹೆಣ್ಣಾಗಿ ಹುಟ್ಟುವುದಿಲ್ಲ. ಹೆಣ್ಣು ಜನ್ಮದಿಂದ ನೇರ ಮೋಕ್ಷವಿಲ್ಲ ಎನ್ನುವುದು ದಿಗಂಬರ ಸಿದ್ಧಾಂತ. ಚಿತ್ರ ಬರೆದು ಅವನನ್ನು ಹುಡುಕಿ ತೆಗೆದವಳು ಅವಳು. ಮುಂದಿನ ದಾರಿಗೆ ಮಾತ್ರ ಆ ಹೆಣ್ಣು ಜನ್ಮ ಕಳಚಿ ಬೀಳಬೇಕಾಯಿತು. ಕಾವ್ಯ ಎಷ್ಟೇ ಇಷ್ಟವಾದರೂ ಇದನ್ನು ಕಾಣದವರ ಹಾಗೆ ಮುಂದೆ ಹೋಗಲಾಗುವುದಿಲ್ಲ.

ಆದರೂ ಕಥೆ ಅವಳನ್ನು ಮರೆಯುವುದಿಲ್ಲ. ದೀಕ್ಷೆ ತೊಟ್ಟ ಆದಿನಾಥ ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಡುತ್ತಾನೆ. ಮುನಿಗೆ ಊಟ ಕೊಡುವ ರೀತಿ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬರು ಒಡವೆ ತರುತ್ತಾರೆ, ಒಬ್ಬರು ವಾಹನ ತರುತ್ತಾರೆ, ಇನ್ನೊಬ್ಬರು ಕನ್ಯೆಯನ್ನೇ ಕರೆತರುತ್ತಾರೆ. ಅವನು ಮಾತಾಡದೆ ಮುಂದೆ ನಡೆಯುತ್ತಾನೆ. ಹೀಗೇ ತಿಂಗಳುಗಟ್ಟಲೆ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಅನ್ನುವ ರಾಜಕುಮಾರ ಅವನನ್ನು ನೋಡುತ್ತಾನೆ. ನೋಡಿದ ಕೂಡಲೇ ಹಿಂದಿನದು ನೆನಪಾಗುತ್ತದೆ: ತಾನು ಶ್ರೀಮತಿಯಾಗಿದ್ದಾಗ, ಇದೇ ಜೀವದ ಜೊತೆ ನಿಂತು ಕಾಡಿನಲ್ಲಿ ಮುನಿಗಳಿಗೆ ಬಡಿಸಿದ್ದು. ಆಗ ಹೇಗೆ ಕೊಟ್ಟಿದ್ದೆ ಅಂತ ನೆನಪಿಸಿಕೊಂಡೇ ಅವನ ಬೊಗಸೆಗೆ ಕಬ್ಬಿನಹಾಲು ಎರೆಯುತ್ತಾನೆ. ಜೈನರು ಅಕ್ಷಯ ತೃತೀಯ ಆಚರಿಸುವುದು ಇದರ ನೆನಪಿಗೆ, ಬಂಗಾರದ ಅಂಗಡಿಯವರ ಆಫರಿಗಲ್ಲ.

ನಮ್ಮೂರ ಕಡೆ ಆಲೆಮನೆಗೆ ಯಾರೇ ಬಂದರೂ ಒಂದು ಲೋಟ ಕಬ್ಬಿನಹಾಲು ಕುಡಿಸದೆ ಕಳಿಸುವುದಿಲ್ಲ. ಲೋಕವನ್ನೇ ಬಿಟ್ಟು ಹೊರಟವನ ಹಸಿವು ಯಾರಿಗೂ ತಿಳಿಯದಿದ್ದಾಗ ತಿಳಿದದ್ದು, ಒಂದು ಕಾಲಕ್ಕೆ ಅವನ ಹೆಂಡತಿಯಾಗಿದ್ದ ಜೀವಕ್ಕೆ.