‘ಇಲ್ಲದಿದ್ದರೆ’ ಮತ್ತು ‘ಇಲ್ಲದಿದ್ದರೂ’: ಮಕ್ಕಳ ಲಸಿಕೆಯ ನೆನಪೋಲೆಯ ಭಾಷೆಯನ್ನು ಕುರಿತು

ಮಗುವಿನ ಲಸಿಕೆಯ ದಿನವನ್ನು ಹೆತ್ತವರಿಗೆ ನೆನಪಿಸುವ ಬರಹವನ್ನು ವಿಮರ್ಶಿಸುವಾಗ ನಾವು ಸಾಮಾನ್ಯವಾಗಿ ಸರಳತೆಯ ಅಳತೆಗೋಲನ್ನು ಬಳಸುತ್ತೇವೆ: ಸಂಸ್ಕೃತ ಪದಗಳು ಎಷ್ಟಿವೆ, ವಾಕ್ಯ ಎಷ್ಟು ಉದ್ದವಿದೆ ಎಂದು ಕೇಳುತ್ತೇವೆ. ಪ್ರತಿ ಪದವೂ ತಿಳಿದಿರುವ ಓದುಗರನ್ನೂ ಇಂಥ ಬರಹ ದಾರಿ ತಪ್ಪಿಸಬಲ್ಲದು ಎಂಬುದು ಈ ಟಿಪ್ಪಣಿಯ ವಾದ. ಬರಹವು ಹೇಳದ ಒಂದು ಮಾತನ್ನು ಓದುಗರು ತಾವಾಗಿ ಊಹಿಸಿಕೊಳ್ಳುತ್ತಾರೆ. ಆ ಊಹೆಯಿಂದಲೇ ಮಗುವಿನ ಒಂದು ಸರದಿ ತಪ್ಪಬಹುದು. ಅದನ್ನು ತಡೆಯುವ ಪ್ರತ್ಯಯವೊಂದು ಕನ್ನಡದಲ್ಲಿದ್ದರೂ ಕಚೇರಿಯ ಶೈಲಿ ಅದನ್ನು ಬಳಸುವುದಿಲ್ಲ.

ಚರ್ಚೆಯ ನೆಲೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು. ‘ಐತಿ’, ‘ಬರ್ತತಿ’ ಎನ್ನುವ ಕನ್ನಡದ ಜೊತೆಗೆ ತಾಂಡಾಗಳ ಲಂಬಾಣಿಯೂ ಇಲ್ಲಿ ಮನೆಮಾತು. ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳಿರುವ ಸೀಮೆ ಇದು. ಆದ್ದರಿಂದ ಸಂದೇಶ ಬರುವ ಫೋನು ಒಬ್ಬರ ಕೈಯಲ್ಲಿ, ಕೂಸು ಇನ್ನೊಬ್ಬರ ಮಡಿಲಲ್ಲಿ ಇರುವುದುಂಟು. ಬರಹವನ್ನು ಒಬ್ಬರು ಓದುತ್ತಾರೆ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ.

ಕೆಳಗಿನ (1) ಯಾವುದೇ ನಿರ್ದಿಷ್ಟ ಕಚೇರಿಯ ಪ್ರಕಟಣೆಯಲ್ಲ. ಆಡಳಿತ ಕನ್ನಡದ ಪರಿಚಿತ ಲಕ್ಷಣಗಳನ್ನು ಕೂಡಿಸಿ ವಿಶ್ಲೇಷಣೆಗಾಗಿ ರಚಿಸಿದ ಮಾದರಿ.

(1) ನಿಮ್ಮ ಮಗುವಿಗೆ 6ನೇ ವಾರದ ಲಸಿಕೆಗಳನ್ನು ನಿಗದಿತ ದಿನದಂದೇ ಹಾಕಿಸತಕ್ಕದ್ದು. ಬರುವಾಗ ತಾಯಿ ಕಾರ್ಡನ್ನು ಕಡ್ಡಾಯವಾಗಿ ತರತಕ್ಕದ್ದು. ಲಸಿಕೆಯ ನಂತರ ಜ್ವರ ಬರಬಹುದು.

ಮೂರು ವಾಕ್ಯಗಳಲ್ಲಿ ಯಾವುದೂ ಕಠಿಣವಲ್ಲ, ಯಾವುದೂ ಸುಳ್ಳಲ್ಲ. ಎರಡನೆಯದನ್ನು ಗಮನಿಸೋಣ. ‘ತರತಕ್ಕದ್ದು’ ಎಂಬುದು ಹೆತ್ತವರ ಮೇಲೆ ಒಂದು ಕರ್ತವ್ಯವನ್ನು ಹೊರಿಸುತ್ತದೆ. ಕಾರ್ಡ್ ಇಲ್ಲದಿದ್ದರೆ ಏನಾಗುತ್ತದೆಂದು ಅದು ಹೇಳುವುದಿಲ್ಲ. ಆದರೆ ಕಚೇರಿಗಳೊಡನೆ ವ್ಯವಹರಿಸಿದ ಯಾರೂ ಈ ವಾಕ್ಯವನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ‘ಇಲ್ಲದಿದ್ದರೆ ವಾಪಸು ಕಳಿಸುತ್ತಾರೆ’ ಎಂದು ಪೂರ್ಣಗೊಳಿಸಿಕೊಳ್ಳುತ್ತಾರೆ. ‘ಹೀಗಿದ್ದರೆ ಹಾಗೆ’ ಎಂಬ ಮಾತನ್ನು ಕೇಳುಗರು ‘ಹೀಗಿಲ್ಲದಿದ್ದರೆ ಹಾಗಿಲ್ಲ’ ಎಂದೂ ಗ್ರಹಿಸುವ ಈ ಪ್ರವೃತ್ತಿಯನ್ನು ಗೈಸ್ ಮತ್ತು ಜ್ವಿಕಿ 1971ರಲ್ಲಿ ‘ಆಹ್ವಾನಿತ ಅನುಮಾನ’ವೆಂದು ಕರೆದರು. ತರ್ಕದ ದೃಷ್ಟಿಯಿಂದ ಅದು ಸಿಂಧುವಲ್ಲ. ಬಳಕೆಯಲ್ಲಿ ಮಾತ್ರ ಅದು ಬಹುತೇಕ ತಾನಾಗಿಯೇ ನಡೆಯುತ್ತದೆ.

ಇಲ್ಲಿ ಅದರ ಫಲ ವಾಸ್ತವಕ್ಕೆ ವಿರುದ್ಧ. ತಾಯಿ ಕಾರ್ಡ್ ಲಸಿಕೆಯ ದಾಖಲೆ, ಒಳಗೆ ಬಿಡುವ ಟಿಕೆಟ್ ಅಲ್ಲ. ಅದು ಕಳೆದಿದ್ದರೆ ಆರೋಗ್ಯ ಕಾರ್ಯಕರ್ತೆಯ ರಿಜಿಸ್ಟರಿನಿಂದಲೋ ಯು-ವಿನ್ ದಾಖಲೆಯಿಂದಲೋ ಹಿಂದಿನ ಲಸಿಕೆಗಳನ್ನು ಕಂಡುಕೊಳ್ಳಬಹುದು. ಮೊದಲ ವಾಕ್ಯದ ‘ದಿನದಂದೇ’ ಎಂಬ ಅವಧಾರಣೆಯೂ ಇದೇ ಬಗೆಯದು: ದಿನ ತಪ್ಪಿತೆಂದರೆ ಮುಗಿಯಿತು ಎಂಬ ಅನುಮಾನಕ್ಕೆ ಅದು ಬಾಗಿಲು ತೆರೆಯುತ್ತದೆ. ಪೆಂಟಾವೇಲೆಂಟ್ ಲಸಿಕೆಯ ಎರಡು ಸರದಿಗಳ ನಡುವೆ ಕನಿಷ್ಠ 4 ವಾರ ಇರಬೇಕು, ನಿಜ. ತಡವಾದರೆ ನಿಂತಲ್ಲಿಂದ ಮುಂದುವರಿಸುತ್ತಾರೆ, ಮೊದಲಿನಿಂದ ಆರಂಭಿಸುವುದಿಲ್ಲ. ಸಣ್ಣ ನೆಗಡಿ, ಕೆಮ್ಮು ಲಸಿಕೆಗೆ ಅಡ್ಡಿಯಲ್ಲವೆಂಬುದನ್ನು (1) ಹೇಳುವುದೇ ಇಲ್ಲ. ಹೇಳದಿದ್ದಾಗ ಹೆತ್ತವರು ‘ಹುಷಾರಾದ ಮೇಲೆ ಹೋಗೋಣ’ ಎಂದು ತಮ್ಮ ವಿವೇಕವನ್ನೇ ಅನುಸರಿಸುತ್ತಾರೆ.

ಈ ಅನುಮಾನವನ್ನು ರದ್ದುಗೊಳಿಸಲು ಕನ್ನಡಕ್ಕೆ ಬೇಕಾದದ್ದು ಒಂದೇ ಸ್ವರ. ‘-ರೆ’ ಎಂಬ ನಿಬಂಧಕ ಪ್ರತ್ಯಯಕ್ಕೆ ಸಮುಚ್ಚಯದ ‘-ಊ’ ಸೇರಿದಾಗ ‘-ರೂ’ ಆಗುತ್ತದೆ. ‘ಇಲ್ಲದಿದ್ದರೆ’ ಎಂಬುದು ‘ಇಲ್ಲದಿದ್ದರೂ’ ಆಗುತ್ತದೆ. ಆ ಸ್ಥಿತಿಯನ್ನೂ ಒಳಗೊಂಡು ಫಲ ಬದಲಾಗುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಒಂದೂವರೆ ತಿಂಗಳ ಭೇಟಿಯನ್ನೇ ತೆಗೆದುಕೊಂಡು ಬರಹವನ್ನು ಮತ್ತೆ ಕಟ್ಟಿದರೆ ಹೀಗಾಗಬಹುದು:

(2) ನಿಮ್ಮ ಕೂಸಿಗೆ ಒಂದೂವರೆ ತಿಂಗಳ ಲಸಿಕೆ ಬರುವ ಗುರುವಾರ, ಬೇಸ್ತವಾರ ಇದೆ. ತಾಯಿ ಕಾರ್ಡ್ ತನ್ನಿ. ಕಾರ್ಡ್ ಇಲ್ಲದಿದ್ದರೂ ಅಡ್ಡಿ ಇಲ್ಲ, ಬನ್ನಿ. ಸಣ್ಣ ನೆಗಡಿ, ಕೆಮ್ಮು ಇದ್ದರೂ ಬನ್ನಿ. ಆ ದಿನ ತಪ್ಪಿದರೂ ಮುಂದಿನ ವಾರ ಬನ್ನಿ. ಮೂರು ಸೂಜಿ ಮಾಡುತ್ತಾರೆ, ಬಾಯಿಗೆ ಎರಡು ಲಸಿಕೆ ಹಾಕುತ್ತಾರೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ರಾತ್ರಿ ಮೈ ಬಿಸಿಯಾದರೂ, ತೊಡೆ ಬಾತರೂ ಗಾಬರಿ ಬೇಡ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಜ್ವರ ಎರಡು ದಿನ ದಾಟಿದರೆ, ಫಿಟ್ಸ್ ಬಂದರೆ, ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಇಲ್ಲಿ ‘-ರೂ’ ಮತ್ತು ‘-ರೆ’ ಕೆಲಸವನ್ನು ಹಂಚಿಕೊಂಡಿವೆ. ಹೆತ್ತವರ ನಿರ್ಧಾರವನ್ನು ಬದಲಿಸಬಾರದ ಸಂಗತಿಗಳೆಲ್ಲ ‘-ರೂ’ ಪಡೆದಿವೆ. ನಿಜವಾಗಿಯೂ ಬದಲಿಸಬೇಕಾದ ಮೂರು ಲಕ್ಷಣಗಳು ಮಾತ್ರ ‘-ರೆ’ ಪಡೆದಿವೆ. (1)ರ ‘ಜ್ವರ ಬರಬಹುದು’ ಈ ಭೇದವನ್ನು ಅಳಿಸಿಹಾಕುತ್ತದೆ. ‘-ಬಹುದು’ ಸಾಧ್ಯತೆಯನ್ನಷ್ಟೇ ಸೂಚಿಸುತ್ತದೆ. ಯಾವಾಗ, ಎಷ್ಟು ದಿನ, ಬಂದರೆ ಏನು ಮಾಡಬೇಕು ಎಂಬುದನ್ನು ಬಿಟ್ಟುಬಿಡುತ್ತದೆ. ಈ ಕಾಲಸೂಚನೆ ಲಸಿಕೆಯಿಂದ ಲಸಿಕೆಗೆ ಬೇರೆ. ಪೆಂಟಾವೇಲೆಂಟ್ ನಂತರ ಜ್ವರ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಕಾಣಿಸುತ್ತದೆ. ಒಂಬತ್ತು ತಿಂಗಳಲ್ಲಿ ಹಾಕುವ ದಡಾರ-ರುಬೆಲ್ಲಾ ಲಸಿಕೆಯ ಜ್ವರ ಸುಮಾರು ಒಂದು ವಾರದ ಮೇಲೆ ಬರುವುದುಂಟು. ಒಂದೇ ವಾಕ್ಯವನ್ನು ಎಲ್ಲ ಭೇಟಿಗಳಿಗೂ ಅಂಟಿಸಿದರೆ ಎರಡನೆಯ ಜ್ವರ ಲಸಿಕೆಯದೆಂದು ಯಾರಿಗೂ ಹೊಳೆಯದು. ಸೂಜಿಯ ಲೆಕ್ಕವೂ ಹೀಗೆಯೇ. ಒಂದೂವರೆ ತಿಂಗಳಲ್ಲಿ ಪೆಂಟಾವೇಲೆಂಟ್, ನ್ಯುಮೋಕಾಕಲ್ ಮತ್ತು ಪೋಲಿಯೋ ಸೂಜಿಗಳು ಮೂರು. ಎರಡೂವರೆ ತಿಂಗಳಲ್ಲಿ ಪೆಂಟಾವೇಲೆಂಟ್ ಒಂದೇ. ಮೊದಲೇ ಹೇಳದಿದ್ದರೆ ಮೊದಲ ಸಲ ಹೆಚ್ಚಾಯಿತೆಂಬ, ಎರಡನೆಯ ಸಲ ಏನೋ ಬಿಟ್ಟುಹೋಯಿತೆಂಬ ಅನುಮಾನ ಸಹಜ.

(2)ಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು ಧ್ವನಿಯದು. ಆಡುಮಾತಿನಲ್ಲಿ ‘ಇಲ್ದಿದ್ರ’, ‘ಇಲ್ದಿದ್ರೂ’ ಎಂಬ ರೂಪಗಳು ಕೊನೆಯ ಸ್ವರದಲ್ಲಷ್ಟೇ ಬೇರೆಯಾಗುತ್ತವೆ. ಗದ್ದಲದಲ್ಲಿ ಓದಿ ಹೇಳಿದಾಗ, ಅಥವಾ ಕನ್ನಡ ಎರಡನೆಯ ಭಾಷೆಯಾಗಿರುವವರ ಕಿವಿಗೆ, ಆ ಸ್ವರ ತಪ್ಪಿಹೋಗಬಹುದು. ಅದಕ್ಕಾಗಿಯೇ ಪ್ರತ್ಯಯದ ಬೆನ್ನಿಗೆ ‘ಅಡ್ಡಿ ಇಲ್ಲ’, ‘ಗಾಬರಿ ಬೇಡ’ ಎಂಬ ಸ್ವತಂತ್ರ ಮಾತುಗಳನ್ನಿಟ್ಟು ಅರ್ಥವನ್ನು ಎರಡು ಕಡೆ ಊರಲಾಗಿದೆ. ‘ಗುರುವಾರ, ಬೇಸ್ತವಾರ’ ಎಂಬ ಜೋಡಣೆಯೂ ಹಾಗೆಯೇ: ಒಂದು ಕಚೇರಿಯ ಹೆಸರು, ಇನ್ನೊಂದು ಮನೆಯ ಹೆಸರು.

ಎರಡನೆಯ ಆಕ್ಷೇಪ ಉದ್ದದ್ದು. ಕನ್ನಡ ಲಿಪಿಯ ಎಸ್‌ಎಂಎಸ್‌ನ ಒಂದು ಖಂಡದಲ್ಲಿ 70 ಸಂಕೇತಗಳಷ್ಟೇ ಹಿಡಿಯುತ್ತವೆ. ರೋಮನ್ ಲಿಪಿಗಿರುವ 160ರ ಅವಕಾಶ ಇಲ್ಲಿಲ್ಲ. ಸ್ವರಚಿಹ್ನೆ, ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ (2) ಹಲವು ಖಂಡಗಳಾಗುತ್ತದೆ. ಆದ್ದರಿಂದ ಅದನ್ನು ಒಡೆಯಬೇಕು. ಲಸಿಕೆ ಹಾಕಿದ ಮೇಲೆ ಕಾರ್ಯಕರ್ತೆಯು ನಾಲ್ಕು ಸಂಗತಿಗಳನ್ನು ಬಾಯಲ್ಲಿ ಹೇಳಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ: ಯಾವ ಲಸಿಕೆ ಹಾಕಲಾಯಿತು, ಮುಂದೆ ಯಾವಾಗ ಬರಬೇಕು, ಏನು ತೊಂದರೆ ಕಾಣಿಸಬಹುದು, ಕಾರ್ಡನ್ನು ಹೇಗೆ ಜೋಪಾನ ಮಾಡಬೇಕು. ಜ್ವರ, ಬಾವುಗಳ ವಿವರ ಅಲ್ಲಿಗೆ ಸೇರಲಿ. ಆದರೆ ‘ಕಾರ್ಡ್ ಇಲ್ಲದಿದ್ದರೂ ಬನ್ನಿ’ ಎಂಬುದನ್ನು ಅಲ್ಲಿಗೆ ಮುಂದೂಡಲಾಗದು, ಏಕೆಂದರೆ ಆ ಮಾತು ಬೇಕಾದ ತಾಯಿ ಅಲ್ಲಿಗೆ ಬಂದೇ ಇರುವುದಿಲ್ಲ. 70 ಸಂಕೇತಗಳಲ್ಲಿ ಮೊದಲು ಜಾಗ ಪಡೆಯಬೇಕಾದದ್ದು ದಿನ. ಅದರ ಬೆನ್ನಿಗೇ ಈ ‘-ರೂ’.