ಹಾಲಿನಂತಿರದ ಹೊರತು

ಹೋದ ಹಂಗಾಮಿನಲ್ಲಿ ತಿಕೋಟಾದ ಗೊಬ್ಬರದಂಗಡಿಯೊಂದರಲ್ಲಿ ನನ್ನ ಕೈಗೊಂದು ಕರಪತ್ರ ಬಂತು. ಮಣೂಕ ಮಾಡುವವರು ದ್ರಾಕ್ಷಿ ಗೊನೆ ಅದ್ದಲು ಬಳಸುವ ಡಿಪ್ಪಿಂಗ್ ಆಯಿಲ್‌ನಲ್ಲಿ ಹೊಸದೊಂದನ್ನು ಸಣ್ಣ ಕಂಪನಿಯೊಂದು ಮಾರಾಟಕ್ಕೆ ತಂದಿತ್ತು. ಇಂಗ್ಲಿಷಿನಲ್ಲಿದ್ದ ಪ್ರಕಟಣೆಯನ್ನು ಕನ್ನಡ ಮಾಡಿಸಿ ಹಂಚಿತ್ತು. ಆ ಕನ್ನಡಕ್ಕೆ ನಮ್ಮ ಕಡೆ ಒಳ್ಳೆಯ ಹೆಸರು. ಅಕ್ಷರದೋಷವಿಲ್ಲ, ಮೂಲದ ಒಂದು ಪದವನ್ನೂ ಬಿಟ್ಟಿಲ್ಲ ಎಂದು ಓದಿದವರು ಮೆಚ್ಚಿಕೊಂಡರು. ಬಬಲೇಶ್ವರದಲ್ಲಿ ನಿವೃತ್ತ ಮಾಸ್ತರರೊಬ್ಬರು ‘ವ್ಯವಹಾರದ ಕನ್ನಡ ಅಂದ್ರ ಹಿಂಗಿರಬೇಕು’ ಎಂದರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಅಚ್ಚಿನ ಅಂದಕ್ಕೆ, ಕಾಗುಣಿತಕ್ಕೆ ಪೂರ್ತಿ ಅಂಕ ಕೊಡೋಣ. ಆದರೆ ಯಾರ ಕೈಗಾಗಿ ಅದನ್ನು ಬರೆದರೋ ಆ ಕೈಗೆ ಅದರಿಂದ ಕೆಲಸ ಮಾಡಲಾಗದು.

ಪಂಪನಿಂದ ಬಿ.ಎಂ.ಶ್ರೀಯವರವರೆಗೆ ಕನ್ನಡ ಬೇರೆ ನುಡಿಯದನ್ನು ಹೇಗೆ ತನ್ನದಾಗಿಸಿಕೊಂಡಿತು ಎಂಬುದು ಓದುಗರಿಗೆ ಗೊತ್ತಿರುವ ಸಂಗತಿ. ಕಾವ್ಯಕ್ಕೆ ಒಪ್ಪಿಕೊಂಡ ಆ ನ್ಯಾಯವನ್ನು ಕರಪತ್ರಕ್ಕೆ ಯಾಕೆ ಕೊಡುವುದಿಲ್ಲ ಎಂಬುದೇ ನನ್ನ ತಕರಾರು. ಅದಕ್ಕಾಗಿ ಆ ಪತ್ರದ ಒಂದೇ ವಾಕ್ಯವನ್ನು ಹಿಡಿದು ನೋಡುತ್ತೇನೆ: ‘ದ್ರಾವಣವು ಹಾಲಿನಂತಿರದ ಹೊರತು ಗೊಂಚಲುಗಳನ್ನು ಅದ್ದಬಾರದು.’

ವ್ಯಾಕರಣದಲ್ಲಿ ತಪ್ಪಿಲ್ಲ. ಇಂಗ್ಲಿಷಿನಲ್ಲಿ ‘ಅನ್‌ಲೆಸ್’ ಇದ್ದ ಕಡೆ ‘ಹೊರತು’ ಬಂದಿದೆ, ಅಷ್ಟೆ. ಆದರೆ ‘ಇರದ’, ‘ಹೊರತು’, ‘ಬಾರದು’ ಎಂದು ಮೂರು ಕಡೆ ಇಲ್ಲವೆನ್ನುವ ಈ ಮಾತು ಕಿವಿಗೆ ಬಿದ್ದಾಗ ಏನಾಗುತ್ತದೆ? ಶೆಡ್ಡಿನಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೆಲಸ ಮಾಡುತ್ತ ಕೇಳುತ್ತಾರೆ. ನಾನು ಪರಿಚಯದ ಒಂದು ಶೆಡ್ಡಿಗೆ ಹೋಗಿ ಗಟ್ಟಿಯಾಗಿ ಓದಿದೆ. ಗೊನೆ ಅದ್ದುತ್ತಿದ್ದ ಹೆಣ್ಣುಮಗಳು ಕೇಳಿದಳು: ‘ಹಾಲಿನಂಗ ಆದ್ರ ಅದ್ದಬಾರದೇನ್ರಿ ಅಣ್ಣಾರ?’ ಆಕೆಗೆ ತಿಳಿದದ್ದು ವಾಕ್ಯದ ಅರ್ಥಕ್ಕೆ ಸರಿಯಾಗಿ ತಿರುಗುಮುರುಗು.

ಈ ತಪ್ಪಿನ ಬೆಲೆ ಏನೆಂದು ತಿಳಿಯಲು ಕೆಲಸವನ್ನೇ ನೋಡಬೇಕು. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳಗಿನ ಮೇಣದ ಪದರ ಇರುತ್ತದೆ. ಒಳಗಿನ ನೀರು ಹೊರಗೆ ಹೋಗದಂತೆ ಅದು ತಡೆಯುತ್ತದೆ. ಪೊಟ್ಯಾಶಿಯಂ ಕಾರ್ಬೋನೇಟ್ ಕರಗಿಸಿದ ನೀರಿಗೆ ಡಿಪ್ಪಿಂಗ್ ಆಯಿಲ್ ಬೆರೆಸಿ ಗೊನೆಯನ್ನು ಎರಡರಿಂದ ನಾಲ್ಕು ನಿಮಿಷ ಅದ್ದಿದರೆ ಆ ಪದರದ ತಡೆ ಸಡಿಲಾಗುತ್ತದೆ, ರ‍್ಯಾಕಿನ ಮೇಲೆ ನೆರಳಿನಲ್ಲಿ ಸುಮಾರು ಎರಡು ವಾರಕ್ಕೆ ಹಣ್ಣು ಒಣಗುತ್ತದೆ. ಅದ್ದದೆ ಬಿಟ್ಟರೆ ಬಹಳ ದಿನ ಬೇಕು, ಬಣ್ಣವೂ ಕಂದುತ್ತದೆ. ಎಣ್ಣೆ ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದು ಎಲ್ಲ ಕಡೆ ಹರಡಿದರೆ ದ್ರಾವಣ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಸರಿಯಾಗಿ ಕೂಡದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಆಗ ಅದ್ದಿದರೆ ಕೆಲವು ಕಾಯಿಗೆ ಎಣ್ಣೆ ಹೆಚ್ಚು ಹತ್ತುತ್ತದೆ, ಕೆಲವಕ್ಕೆ ಹತ್ತುವುದೇ ಇಲ್ಲ. ಒಂದೇ ಗೊನೆಯಲ್ಲಿ ಅರ್ಧ ಹಸಿರು, ಅರ್ಧ ಕಂದು. ಗ್ರೇಡಿಂಗ್‌ನಲ್ಲಿ ಅದರ ದರ ಬಿದ್ದೇ ಬೀಳುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಯಿಂದ ಸುಮಾರು ಒಂದು ಕಿಲೋ ಮಣೂಕ ಬರುವ ಲೆಕ್ಕದಲ್ಲಿ ಇದು ಸಣ್ಣ ನಷ್ಟವಾಗುವುದಿಲ್ಲ.

ಹಾಗಾದರೆ ಆ ವಾಕ್ಯ ಹೇಗಿರಬೇಕಿತ್ತು? ನಾನು ಹೀಗೆ ಬರೆಯುತ್ತೇನೆ: ‘ನೀರು ಹಾಲಿನಂತೆ ಬೆಳ್ಳಗಾದ ಮೇಲೆ ಗೊನೆ ಅದ್ದಿರಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಅದ್ದಬೇಡಿ, ಮತ್ತೆ ಕಲಕಿರಿ.’ ಒಂದು ವಾಕ್ಯ ಮೂರು ಮಾತಾಯಿತು. ಮೂಲದಲ್ಲಿ ಎಣ್ಣೆ ತೇಲುವ ಸುದ್ದಿಯೇ ಇಲ್ಲ, ಅದನ್ನು ನಾನು ಸೇರಿಸಿದ್ದೇನೆ. ಪದಕ್ಕೆ ಪದ ಇಟ್ಟು ಅಳೆಯುವವರು ಇದನ್ನು ಅಪಚಾರ ಎನ್ನುತ್ತಾರೆ. ಆದರೆ ಡ್ರಮ್ಮಿನ ಮುಂದೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ತೇಲುವ ಎಣ್ಣೆಯೇ.

ಅಳತೆಯದೂ ಇದೇ ಕಥೆ. ಕರಪತ್ರದಲ್ಲಿ ‘ಶೇ. 1.5 ತೈಲ ಮತ್ತು ಶೇ. 2.5 ಪೊಟ್ಯಾಶಿಯಂ ಕಾರ್ಬೋನೇಟ್‌ನ ಜಲೀಯ ಮಿಶ್ರಣ’ ಎಂದಿತ್ತು. ಶೇಕಡಾ ಲೆಕ್ಕ ಹಿಡಿದು ಡ್ರಮ್ ತುಂಬುವವರು ಯಾರಿದ್ದಾರೆ? 200 ಲೀಟರಿನ ಡ್ರಮ್ಮಿಗೆ ಪೌಡರ್ 5 ಕಿಲೋ, ಎಣ್ಣೆ 3 ಲೀಟರ್ ಎಂದರೆ ಮಾತು ಮುಗಿಯಿತು. ಪ್ರಮಾಣ ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ. ಇನ್ನು ‘ಮಿಶ್ರಣ’ ಎಂಬ ಒಂದು ನಾಮಪದದೊಳಗೆ ಕೆಲಸದ ಕ್ರಮವೇ ಮುಚ್ಚಿಹೋಗಿದೆ. ಮೊದಲು ಪೌಡರನ್ನು ನೀರಿನಲ್ಲಿ ಕರಗಿಸಿ, ಆ ನೀರನ್ನು ಒಂದು ಬಕೆಟ್‌ಗೆ ತೆಗೆದುಕೊಂಡು, ಅದರಲ್ಲಿ ಎಣ್ಣೆ ಸುರಿದು, ಬೆಳ್ಳಗಾಗುವ ತನಕ ಕಲಕಿ, ಆಮೇಲೆ ಡ್ರಮ್ಮಿಗೆ ಹಾಕಬೇಕು. ಕರಗಿಸಿ, ತೆಗೆದುಕೊಂಡು, ಸುರಿದು, ಕಲಕಿ, ಹಾಕಿ: ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಕನ್ನಡದ ಕ್ರಿಯಾಪದಗಳೇ ಸಾಲಾಗಿ ನಿಂತು ಹೇಳುತ್ತವೆ. ಅಡುಗೆ ಹೇಳಿಕೊಡುವಾಗ ನಮ್ಮ ಅವ್ವಂದಿರು ಬಳಸುವುದೂ ಇದೇ ಸಾಲನ್ನು. ಇಂಥ ಅನುಕೂಲ ಮನೆಯಲ್ಲೇ ಇರುವಾಗ ‘ಜಲೀಯ ಮಿಶ್ರಣ’ವನ್ನು ಕಡ ತಂದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಇಲ್ಲಿ ಇನ್ನೊಂದು ಗುಂಪಿನ ಜತೆಗೂ ನನ್ನ ಜಗಳವಿದೆ. ಪದಶಃ ಅನುವಾದ ಬೇಡ ಎಂದ ಕೂಡಲೆ ಇವರು ‘ಹಂಗಾರ ಜವಾರಿ ಮಾತಿನ್ಯಾಗ ಬರೀರಿ’ ಎನ್ನುತ್ತಾರೆ. ಶಿರೋನಾಮೆಗೆ ‘ಬರ್ರಿ, ನೋಡ್ರಿ, ಒಯ್ರಿ’ ಹಚ್ಚಿ, ಕೆಳಗೆ ಅದೇ ಶೇಕಡಾ, ಅದೇ ‘ಹೊರತು’ ಉಳಿಸುತ್ತಾರೆ. ಇದನ್ನು ರೂಪಾಂತರ ಎಂದು ಹೊಗಳಿದ ಲೇಖನಗಳನ್ನೂ ಓದಿದ್ದೇನೆ. ನಮ್ಮ ಕಡೆಯ ಮಾತು ನನಗೆ ಪ್ರಾಣ. ಆದರೆ ವಿಜಯಪುರದ ರೈತ ಅಚ್ಚಿನ ಕನ್ನಡವನ್ನು ಚಿಕ್ಕಂದಿನಿಂದ ಶಾಲೆಯಲ್ಲಿ, ಪೇಪರಿನಲ್ಲಿ ಓದಿಕೊಂಡು ಬಂದವನು. ಅವನಿಗೆ ತೊಡಕಾದದ್ದು ‘ಅದ್ದಿರಿ’ ಎಂಬ ರೂಪವಲ್ಲ, ವಾಕ್ಯದ ಕಟ್ಟೋಣ. ಅಚ್ಚಗನ್ನಡದವರ ಹಟವೂ ಇದಕ್ಕಿಂತ ಬೇರೆಯಿಲ್ಲ. ಕರಪತ್ರದಲ್ಲಿ ಡಿಪ್ಪಿಂಗ್ ಆಯಿಲ್ ‘ಅದ್ದುತೈಲ’ ಆಗಿತ್ತು. ಅಂಗಡಿಯಲ್ಲಿ ಹೋಗಿ ಅದ್ದುತೈಲ ಕೊಡಿ ಎಂದರೆ ಕೊಡುವವರಿಲ್ಲ. ಡಬ್ಬಿಯ ಮೇಲೆ ಇರುವ ಹೆಸರು, ಅಂಗಡಿಕಾರನ ಬಾಯಲ್ಲಿರುವ ಹೆಸರು, ಕರಪತ್ರದ ಹೆಸರು ಮೂರೂ ಒಂದೇ ಆಗಿರಬೇಕು. ಮರಾಠಿಯಿಂದ ಬಂದ ಛಾಟಣಿ, ಇಂಗ್ಲಿಷಿನಿಂದ ಬಂದ ರ‍್ಯಾಕು, ಶೆಡ್ಡು ಇಲ್ಲಿನ ದ್ರಾಕ್ಷಿ ತೋಟದಲ್ಲಿ ಬೇರು ಬಿಟ್ಟ ಕನ್ನಡ ಪದಗಳು.

ರೂಪಾಂತರಕ್ಕೂ ಗಡಿಯಿದೆ. ಪ್ರಮಾಣ, ಎಷ್ಟು ನಿಮಿಷ ಅದ್ದಬೇಕೆಂಬುದು, ಎಚ್ಚರಿಕೆಯ ಮಾತು, ಬ್ಯಾಚ್ ನಂಬರ್, ಕೊನೆಯ ದಿನಾಂಕ, ಇವುಗಳಿಗೆ ಬರೆಯುವವನು ಕೈ ಹಚ್ಚಬಾರದು. ಕೈ ಹಚ್ಚಬೇಕಾದದ್ದು ಯಾವುದು ಮೊದಲು ಬರಬೇಕು ಎಂಬುದಕ್ಕೆ. ಕರಪತ್ರದ ಮೊದಲ ಎಂಟು ಸಾಲು ‘ಘೋಷಿಸಲು ಹರ್ಷಿಸುತ್ತೇವೆ’, ‘ಮುಂದಿನ ಪೀಳಿಗೆಯ ಪರಿಹಾರ’ ಎಂಬುದಕ್ಕೇ ಹೋಗಿವೆ. ಹಳೆಯ ಎಣ್ಣೆಗಿಂತ ಇದರಲ್ಲಿ ಬೇರೆ ಏನು, ಡ್ರಮ್ಮಿಗೆ ಎಷ್ಟು ಖರ್ಚು ಬೀಳುತ್ತದೆ, ಬೋರಿನ ಗಡಸು ನೀರಿನಲ್ಲಿ ಒಡೆಯುತ್ತದೆಯೋ ಇಲ್ಲವೋ: ಇಲ್ಲಿನ ಬೆಳೆಗಾರ ಅಂಗಡಿಯಲ್ಲಿ ಕೇಳುವ ಮೂರು ಪ್ರಶ್ನೆಗಳು ಇವು. ಮೊದಲನೆಯದಕ್ಕೆ ಉತ್ತರ ಹಿಂಬದಿಯ ಸಣ್ಣಕ್ಷರದಲ್ಲಿತ್ತು. ಉಳಿದೆರಡಕ್ಕೆ ಎಲ್ಲೂ ಇರಲಿಲ್ಲ. ಇಲ್ಲದ ಉತ್ತರವನ್ನು ಅನುವಾದಕ ಹುಟ್ಟಿಸಲಾರ, ಆದರೆ ಕಂಪನಿಗೆ ಫೋನ್ ಮಾಡಿ ಕೇಳಬಲ್ಲ. ಆ ಒಂದು ಫೋನನ್ನು ಯಾರೂ ಮಾಡಲಿಲ್ಲ.

ಮುಂದಿನ ಫೆಬ್ರುವರಿಗೆ ಶೆಡ್ಡುಗಳಲ್ಲಿ ಮತ್ತೆ ಡ್ರಮ್ಮುಗಳು ತುಂಬುತ್ತವೆ. ಕರಪತ್ರ ಅಚ್ಚು ಹಾಕಿಸುವ ಸಣ್ಣ ವ್ಯಾಪಾರಸ್ಥರಲ್ಲಿ ನನ್ನದೊಂದು ವಿನಂತಿ. ಅಚ್ಚಿಗೆ ಕೊಡುವ ಮುಂಚೆ ಅದನ್ನು ಗೊನೆ ಅದ್ದುವ ಹೆಣ್ಣುಮಕ್ಕಳ ಮುಂದೆ ಒಮ್ಮೆ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ‘ಏನಂದ್ರಿ?’ ಎಂದು ಕೇಳುತ್ತಾರೋ ಅಲ್ಲಿ ಗೆರೆ ಎಳೆದು, ಆ ವಾಕ್ಯವನ್ನು ಹೊಸದಾಗಿ ಬರೆಸಿ.