ಕೊಟೇಶನ್‌ನ ಹನ್ನೊಂದು ಸಾಲು

ಈ ವಾರ ಕಂತಿನ ಪಾವತಿಯ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಹೊನ್ನಾವರದ ಓದುಗರೊಬ್ಬರು ತಾವು ಬರೆದ ಕೊಟೇಶನ್ ಕಳಿಸಿದ್ದಾರೆ. ಅದನ್ನು ಓದಿದ ಮೇಲೆ ಬೇರೆ ವಿಷಯಕ್ಕೆ ಮನಸ್ಸು ಹೋಗಲಿಲ್ಲ.

ಗಿರಾಕಿ ಕಾಸರಕೋಡಿನಲ್ಲಿ ಐದು ಕೋಣೆಯ ಹೋಂಸ್ಟೇ ನಡೆಸುವವರು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಅವರಿಗೆ ಬೇಕಿದ್ದದ್ದು ಬುಕಿಂಗ್ ವೆಬ್‌ಸೈಟ್. ಕೊಟೇಶನ್‌ನಲ್ಲಿ ಹನ್ನೊಂದು ಸಾಲು: ಕ್ಯಾಲೆಂಡರ್, ಆನ್‌ಲೈನ್ ಪೇಮೆಂಟ್, ವಾಟ್ಸಾಪ್ ಸಂದೇಶ, ಫೋಟೊ ಗ್ಯಾಲರಿ, ಕನ್ನಡ ಮತ್ತು ಇಂಗ್ಲಿಷ್, ಹೀಗೆ. ಅಡಿಯಲ್ಲಿ ಒಂದೇ ಮೊತ್ತ, 72,000 ರೂಪಾಯಿ. ಹೋಂಸ್ಟೇಯವರ ಉತ್ತರವೂ ಒಂದೇ ಸಾಲು: "ಐವತ್ತಕ್ಕೆ ಮಾಡಿಕೊಡ್ತೀರಾ?"

ಅವರು ಬೇರೆ ಏನು ಕೇಳಬೇಕಿತ್ತು? ಯಾವ ಸಾಲಿಗೆ ಎಷ್ಟು ದುಡ್ಡು, ಅದರಿಂದ ತಮಗೇನು ಆಗುತ್ತದೆ ಎಂದು ಆ ಹಾಳೆ ಎಲ್ಲೂ ಹೇಳುವುದಿಲ್ಲ. ಅದರಲ್ಲಿ ಹಿಡಿದು ಜಗ್ಗಲು ಸಿಗುವುದು ಮೊತ್ತ ಒಂದೇ.

ಮೊದಲ ಭೇಟಿಯ ಟಿಪ್ಪಣಿ ಇದೆಯೇ ಎಂದು ಕೇಳಿದೆ. ಇತ್ತು. ಡಿಸೆಂಬರ್ ರಜೆಯಲ್ಲಿ ಫೋನಿನಲ್ಲಿ ಒಬ್ಬರಿಗೆ ಕೊಟ್ಟ ಕೋಣೆಯನ್ನು ಆನ್‌ಲೈನ್ ಏಜೆನ್ಸಿ ಇನ್ನೊಬ್ಬರಿಗೆ ಕೊಟ್ಟುಬಿಡುತ್ತದೆ. ರಾತ್ರಿ ಬಂದ ಕುಟುಂಬವನ್ನು ವಾಪಸ್ ಕಳಿಸಬೇಕಾಗುತ್ತದೆ. ಪ್ರಸ್ತಾವ ಶುರುವಾಗಬೇಕಾದದ್ದು ಇಲ್ಲಿಂದ. ಹನ್ನೊಂದು ಸಾಲುಗಳಲ್ಲಿ ಈ ತೊಂದರೆ ನೀಗಿಸುವವು ನಾಲ್ಕು. ಅವನ್ನು ಒಟ್ಟು ಮಾಡಿ ಹೀಗೆ ಬರೆಯಿರಿ ಎಂದೆ:

"ಫೋನಿನಲ್ಲಿ ಬಂದ ಬುಕಿಂಗನ್ನು ನೀವು ಮೊಬೈಲಿನಲ್ಲಿ ಗುರುತು ಮಾಡಿದ ಕೂಡಲೇ ನಿಮ್ಮ ಸೈಟಿನಲ್ಲಿ ಆ ಕೋಣೆ ಮುಚ್ಚುತ್ತದೆ. ಏಜೆನ್ಸಿಯ ಪುಟದಲ್ಲಿ ಮುಚ್ಚಲು ಕೆಲವು ಗಂಟೆ ಹಿಡಿಯುತ್ತದೆ. ಒಂಬತ್ತು ದಿನದ ಕೆಲಸ, ದಿನಕ್ಕೆ 4,000ದಂತೆ 36,000 ರೂಪಾಯಿ."

ಆ "ಕೆಲವು ಗಂಟೆ" ಯಾಕೆ ಬೇಕು ಎಂದು ಓದುಗರು ಕೇಳಿದರು. ಬೇಕೇ ಬೇಕು. ಏಜೆನ್ಸಿಗಳ ಜತೆ ಐಕ್ಯಾಲ್ ಕೊಂಡಿಯಲ್ಲಿ ಕ್ಯಾಲೆಂಡರ್ ಜೋಡಿಸಿದರೆ ಆಚೆಯವರು ಬಿಡುವು ಬಿಟ್ಟು ಬಿಟ್ಟು ಓದಿಕೊಳ್ಳುತ್ತಾರೆ, ಆಗಿಂದಾಗಲ್ಲ. ಆ ಹೊತ್ತಿನಲ್ಲಿ ಎರಡು ಬುಕಿಂಗ್ ಬೀಳುವ ಸಾಧ್ಯತೆ ಉಳಿದೇ ಉಳಿಯುತ್ತದೆ. ಅದೂ ಬೇಡವೆಂದರೆ ತಿಂಗಳ ಬಾಡಿಗೆಯ ಚಾನೆಲ್ ಮ್ಯಾನೇಜರ್ ಸೇವೆ ಬೇಕು. ಅದರ ಖರ್ಚು ಈ 36,000ದಲ್ಲಿ ಸೇರಿಲ್ಲ. ಇದನ್ನು ಮೊದಲೇ ಬರೆದಿಟ್ಟರೆ ಆ ಬೆಲೆ ಎಲ್ಲಿಯವರೆಗಿನ ಕೆಲಸಕ್ಕೆ ಎಂಬುದು ಖಚಿತವಾಗುತ್ತದೆ.

ಮುಂಗಡ ಹಣ ಮತ್ತು ರದ್ದಾದಾಗ ವಾಪಸಾತಿ ಐದು ದಿನದ ಕೆಲಸ, 20,000. ಗೇಟ್‌ವೇಯವರು ಪ್ರತಿ ವ್ಯವಹಾರಕ್ಕೆ ಹಿಡಿದುಕೊಳ್ಳುವ ಶುಲ್ಕ ಗಿರಾಕಿಯದು. ಪುಟಗಳು, ಫೋಟೊ, ಎರಡು ಭಾಷೆ ನಾಲ್ಕು ದಿನ, 16,000. ಒಟ್ಟು ಅದೇ 72,000. ಓದುಗರ ವಾರ್ಷಿಕ ವಹಿವಾಟು 20 ಲಕ್ಷದ ಒಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಅದರ ಮೇಲೆ ತೆರಿಗೆ ಹಾಕುವಂತಿಲ್ಲ.

ಈಗ "ಐವತ್ತಕ್ಕೆ" ಎಂದರೆ ಉತ್ತರವಿದೆ. ಪೇಮೆಂಟ್ ಭಾಗ ತೆಗೆದರೆ 52,000. ಮುಂಗಡವನ್ನು ಈಗಿನಂತೆ ಯುಪಿಐನಲ್ಲಿ ಅವರೇ ತೆಗೆದುಕೊಂಡು ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ದರ ಅಲ್ಲಾಡಿಲ್ಲ, ಕೆಲಸ ಕಡಿಮೆಯಾಗಿದೆ. ಗಿರಾಕಿ ಫೋನ್ ಮಾಡಿ "ಯಾವುದನ್ನು ಮೊದಲು ಮಾಡೋಣ?" ಎಂದು ಕೇಳಿದರೆ ಪ್ರಸ್ತಾವ ಓದಿಸಿಕೊಂಡಿದೆ ಎಂದರ್ಥ. "ಇನ್ನೊಬ್ಬರು ಮೂವತ್ತಕ್ಕೆ ಕೊಡ್ತಾರೆ" ಎಂದರೆ ಅವರ ಕಣ್ಣಿಗೆ ಇನ್ನೂ ಪಟ್ಟಿಯೇ ಕಾಣುತ್ತಿದೆ.

ಸಿಲ್ವರ್, ಗೋಲ್ಡ್, ಪ್ಲಾಟಿನಂ ಪ್ಯಾಕೇಜ್ ಮಾರುವವರ ಜತೆ ನನ್ನ ಹಳೆಯ ತಕರಾರು ಇರುವುದೂ ಇಲ್ಲೇ. ಐದು ಕೋಣೆಯವರಿಗೆ ಯಾರದೋ ಅಳತೆಯ ಗೋಲ್ಡ್ ಕೊಟ್ಟರೆ ಅರ್ಧ ಅವರಿಗೆ ಬೇಡದ್ದು, ಬೇಕಾದ ಅರ್ಧ ಪ್ಲಾಟಿನಂನಲ್ಲಿ. ಇದಕ್ಕಿಂತ ಸಿಪಿಡಬ್ಲ್ಯುಡಿಯ ದರಪಟ್ಟಿ ಎಷ್ಟೋ ಮೇಲು. ಈ ಕಸುಬಿನವರೆಲ್ಲ ಅದನ್ನೊಮ್ಮೆ ಓದಬೇಕು. ಮಣ್ಣು ಅಗೆಯುವ ಒಂದು ಐಟಂ ನೋಡಿ. ಬರೀ "ಅಗೆತ" ಎಂದು ಬರೆದು ಬಿಡುವುದಿಲ್ಲ. ಬದಿ ಸಮ ಮಾಡುವುದು, ಮಣ್ಣನ್ನು 1.5 ಮೀಟರ್‌ವರೆಗೆ ಎತ್ತುವುದು, 50 ಮೀಟರ್‌ವರೆಗೆ ಸಾಗಿಸುವುದು, ಎಲ್ಲ ಆ ಒಂದೇ ಉದ್ದ ವಾಕ್ಯದಲ್ಲಿ ದರದ ಪಕ್ಕದಲ್ಲೇ ಇರುತ್ತದೆ. 51ನೇ ಮೀಟರಿಗೆ ಬೇರೆ ಲೆಕ್ಕ. ಸಾಗಿಸುವ ದೂರಕ್ಕೆ ಲೀಡ್, ಎತ್ತುವ ಎತ್ತರಕ್ಕೆ ಲಿಫ್ಟ್ ಎಂಬ ಆ ಎರಡು ಮಾತು ಎಷ್ಟೋ ಗುತ್ತಿಗೆ ಜಗಳಗಳನ್ನು ಮೊದಲೇ ತಪ್ಪಿಸುತ್ತವೆ.

ನಮ್ಮ ಓದುಗರ 16,000ದ ಭಾಗಕ್ಕೂ ಅಂಥ ಲೀಡ್ ಬೇಕಿತ್ತು. ಫೋಟೊ ಯಾರು ಕೊಡುವುದು, ಎಷ್ಟು, ಯಾವಾಗ? ಮಳೆಗಾಲದಲ್ಲಿ ಕಾಸರಕೋಡಿನ ಸಮುದ್ರ ಕೆಸರು ಬಣ್ಣ, ದಂಡೆಯಲ್ಲಿ ಜನವಿಲ್ಲ. ಆಗ ತೆಗೆದ ಚಿತ್ರ ಪ್ರವಾಸಿಗರನ್ನು ಕರೆಯುವುದಿಲ್ಲ. ಅಕ್ಟೋಬರಿಗೆ ಬುಕಿಂಗ್ ಶುರುವಾಗಬೇಕಾದರೆ ಚಿತ್ರಗಳು ಮೇ ತಿಂಗಳೊಳಗೆ ಕೈಗೆ ಬರಬೇಕು. ಹಾಗಾಗಿ ಕೊನೆಯ ಸಾಲು ಹೀಗಾಯಿತು: "40 ಫೋಟೊಗಳನ್ನು ಮೇ 31ರೊಳಗೆ ನೀವು ಕೊಡುವುದು, ತಿದ್ದುಪಡಿ ಎರಡು ಸುತ್ತು, ಮಳೆ ಮುಗಿದ ಮೇಲೆ ಚಿತ್ರ ಬದಲಿಸಬೇಕಾದರೆ ಒಂದು ದಿನದ ಕೆಲಸ, 4,000 ರೂಪಾಯಿ."